ಲ್ಯಾಪ್ ಅಪೆಂಡಿಸೆಕ್ಟಮಿ ನೋಟ್: ಥಿಯೇಟರಿನಲ್ಲಿ ಇಲ್ಲದವರು ಓದುವ ಕಾಗದ

ಪ್ರಶ್ನೆ: ನಾನು ಜನರಲ್ ಸರ್ಜರಿ ಪಿಜಿ, ಮೊದಲ ವರ್ಷ. ಲ್ಯಾಪ್ ಅಪೆಂಡಿಕ್ಸ್ ಕೇಸ್ ಮುಗಿದ ಮೇಲೆ ಆಪರೇಷನ್ ನೋಟ್ ಬರೆಯೋ ಕೆಲಸ ನನ್ನದೇ. ಹಳೇ ನೋಟ್ ಎದುರಿಗಿಟ್ಕೊಂಡು ಹೆಸರು, ನಂಬರ್ ಬದಲಿಸಿ ಬರೀತಿದ್ದೀನಿ. ಫೈಂಡಿಂಗ್ಸ್, ಸ್ಟೆಪ್ಸ್, ಕೌಂಟ್, ಪೋಸ್ಟ್ ಆಪ್ ಆರ್ಡರ್ಸ್ ಇವೆಲ್ಲ ಎಷ್ಟು ವಿವರವಾಗಿ ಬೇಕು?

ಉತ್ತರ: ನಾನೂ ಹಾಗೇ ಬರೆಯುತ್ತಿದ್ದೆ. ಒಂದು ಫೋನ್ ಬಂದ ಮೇಲೆ ಬಿಟ್ಟೆ.

ನಾನು ಅಪೆಂಡಿಕ್ಸ್ ಆಪರೇಷನ್ ಮಾಡಿದ ಒಬ್ಬ ರೋಗಿ ಒಂಬತ್ತನೇ ದಿನ ಜ್ವರ, ಹೊಟ್ಟೆನೋವು ಎಂದು ಬೇರೆ ಊರಿನ ಆಸ್ಪತ್ರೆಗೆ ಹೋಗಿದ್ದರು. ಸಿಟಿ ಸ್ಕ್ಯಾನಿನಲ್ಲಿ ಕೀವಿನ ಗುಳ್ಳೆ, ಅದರ ನಡುವೆ ಬಿಳಿಯ ಗಟ್ಟಿ ಚುಕ್ಕೆ. ಅಲ್ಲಿನ ಸರ್ಜನ್ ಫೋನ್ ಮಾಡಿ, "ಸರ್, ಫೀಕೋಲಿತ್ ಇತ್ತಾ? ಇದ್ದಿದ್ದರೆ ಹೊರಗೆ ಬಂತಾ?" ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ನೋಟ್ ತೆಗೆದು ನೋಡಿದರೆ "ಅಪೆಂಡಿಕ್ಸ್ ಊದಿಕೊಂಡಿತ್ತು, ತೆಗೆಯಲಾಯಿತು, ಕೌಂಟ್ ಸರಿ" ಅಷ್ಟೇ. ಫೀಕೋಲಿತ್ ಅಂದರೆ ಅಪೆಂಡಿಕ್ಸ್ ಒಳಗೆ ಮಲ ಗಟ್ಟಿಯಾಗಿ ಆದ ಕಲ್ಲು. ಅದು ಹೊಟ್ಟೆಯೊಳಗೆ ಜಾರಿ ಬಿದ್ದರೆ ಕೀವು ಮತ್ತೆ ಮತ್ತೆ ಕಟ್ಟಬಹುದು. ಟ್ಯೂಬ್ ಹಾಕಿ ಕೀವು ತೆಗೆದರೂ ಕಲ್ಲು ಅಲ್ಲೇ ಉಳಿಯುತ್ತದೆ. ಕೊನೆಗೆ ಅವರು ಮತ್ತೆ ದುರ್ಬೀನು ಹಾಕಿ ಕಲ್ಲು ಹೆಕ್ಕಿ ತೆಗೆದರು. ನಾನು ಒಂದು ಸಾಲು ಬರೆದಿದ್ದರೆ ಅವರಿಗೆ ಮೊದಲ ದಿನವೇ ದಾರಿ ಗೊತ್ತಾಗುತ್ತಿತ್ತು.

ಹಾಗಾಗಿ ನೋಟ್ ಬರೆಯುವಾಗ ನಾನು ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ: ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಈ ರೋಗಿಯನ್ನು ನೋಡುವ ಡ್ಯೂಟಿ ಡಾಕ್ಟರ್. ಅವರು ಥಿಯೇಟರಿನಲ್ಲಿ ಇರಲಿಲ್ಲ. ಅವರ ಪ್ರಶ್ನೆಗಳಿಗೆ ಕಾಗದವೇ ಉತ್ತರ ಕೊಡಬೇಕು.

ಒಂದು ಕೇಸ್ ಇಟ್ಟುಕೊಂಡೇ ಹೇಳುತ್ತೇನೆ. 26 ವರ್ಷದ ಹುಡುಗ, ತೂಕ 60 ಕೆ.ಜಿ., ಎರಡು ದಿನದ ನೋವು, ತೂತಾದ ಅಪೆಂಡಿಕ್ಸ್. ನಾವು ನೋಟ್ ಬರೆಯುವುದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಮೇಲಿನ ಭಾಗ ಬೇಗ ಮುಗಿಯುತ್ತದೆ. ಹೆಸರು, ಐಪಿ ನಂಬರ್, ದಿನಾಂಕ, ಶುರುವಾದ ಮತ್ತು ಮುಗಿದ ಸಮಯ, ಎಮರ್ಜೆನ್ಸಿಯೋ ಅಲ್ಲವೋ. ಸರ್ಜನ್, ಅಸಿಸ್ಟೆಂಟ್, ಅನಸ್ತೇಶಿಯಾ ಡಾಕ್ಟರ್, ಸ್ಕ್ರಬ್ ಸಿಸ್ಟರ್, ಸರ್ಕ್ಯುಲೇಟಿಂಗ್ ಸಿಸ್ಟರ್, ಎಲ್ಲರ ಹೆಸರು. ಆಪರೇಷನ್‌ಗೆ ಮುಂಚಿನ ಡಯಾಗ್ನೋಸಿಸ್ ಮತ್ತು ನಂತರದ್ದು ಎರಡನ್ನೂ ಬೇರೆ ಬೇರೆ ಬರೆಯಿರಿ. ಈ ಹುಡುಗನಿಗೆ ಮೊದಲನೆಯದು "ಅಕ್ಯೂಟ್ ಅಪೆಂಡಿಸೈಟಿಸ್", ಎರಡನೆಯದು "ತುದಿಯಲ್ಲಿ ತೂತಾದ ಅಪೆಂಡಿಸೈಟಿಸ್, ಸುತ್ತ ಮಾತ್ರ ಕೀವು". ಆಂಟಿಬಯೋಟಿಕ್ ಯಾವುದು ಎಂಬುದರ ಜೊತೆಗೆ ಕೊಟ್ಟ ಸಮಯವನ್ನೂ ಹಾಕಿ. ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಹೋಗಿತ್ತು ಎಂಬುದು ಸಮಯ ಬರೆದರೆ ಮಾತ್ರ ತಿಳಿಯುತ್ತದೆ.

ಫೈಂಡಿಂಗ್ಸ್ ಬರೆಯುವಾಗ ಮಾತ್ರ ಅವಸರ ಬೇಡ. "ಇನ್‌ಫ್ಲೇಮ್ಡ್ ಅಪೆಂಡಿಕ್ಸ್" ಎಂಬ ಎರಡು ಪದದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಈ ಕೇಸಿಗೆ ನಾನು ಬರೆಯುವುದು ಹೀಗೆ: "ಅಪೆಂಡಿಕ್ಸ್ ಸೀಕಮ್ ಹಿಂದೆ ಇತ್ತು, ಉದ್ದ ಸುಮಾರು 8 ಸೆಂ.ಮೀ. ತುದಿ ಕಪ್ಪಾಗಿ ತೂತಾಗಿತ್ತು. ಬುಡದ 2 ಸೆಂ.ಮೀ. ಭಾಗ ಆರೋಗ್ಯವಾಗಿತ್ತು. ಸೀಕಮ್ ಗೋಡೆ ಮೃದುವಾಗಿತ್ತು. ಬಲ ಕೆಳಹೊಟ್ಟೆಯಲ್ಲಿ ಸುಮಾರು 30 ಎಂಎಲ್ ಕೀವು, ಪೆಲ್ವಿಸ್‌ನಲ್ಲಿ ಸ್ವಲ್ಪ ತಿಳಿ ನೀರು, ಲಿವರ್ ಮೇಲೆ ಏನಿಲ್ಲ. ಫೀಕೋಲಿತ್ ಒಂದು, ಸುಮಾರು 8 ಮಿ.ಮೀ., ಹಿಡಿಯುವಾಗ ತೂತಿನಿಂದ ಹೊರಬಂತು, ಕಣ್ಣೆದುರೇ ಬ್ಯಾಗಿಗೆ ಹಾಕಿ ತೆಗೆಯಲಾಯಿತು."

ಇದರಲ್ಲಿ ಅತಿ ಮುಖ್ಯವಾದದ್ದು ಬುಡದ ಸಾಲು. ನಾವು ಲೂಪ್ ಹಾಕಿ ಬಿಗಿಯುವುದು ಅಲ್ಲೇ. ಬುಡ ಚೆನ್ನಾಗಿದ್ದರೆ ನಾಲ್ಕನೇ ದಿನದ ಜ್ವರಕ್ಕೆ ಉಳಿದ ಕೀವೇ ಕಾರಣ ಇರಬಹುದು ಎಂದು ಡ್ಯೂಟಿ ಡಾಕ್ಟರ್ ಮೊದಲು ಯೋಚಿಸುತ್ತಾರೆ. ಬುಡವೇ ಕೊಳೆತಿತ್ತು ಎಂದಿದ್ದರೆ ಸ್ಟಂಪ್ ಬಿಟ್ಟುಕೊಂಡಿತಾ ಎಂಬ ಭಯ ಮೊದಲು ಬರಬೇಕು. ಬುಡ ಕಾಣಿಸಲೇ ಇಲ್ಲ ಅಂದರೆ ಅದನ್ನೂ ಹಾಗೇ ಬರೆಯಿರಿ.

ನೋಡಿದ್ದು, ನೋಡದ್ದು ಎರಡೂ ಬೇಕು. ಹೆಂಗಸರಾದರೆ ಗರ್ಭಕೋಶ, ಎರಡೂ ಓವರಿ, ಟ್ಯೂಬ್ ಹೇಗಿದ್ದವು ಎಂಬ ಸಾಲು ತಪ್ಪಿಸಬೇಡಿ. ಅಪೆಂಡಿಕ್ಸ್ ಅಷ್ಟೇನೂ ಕೆಟ್ಟಿಲ್ಲ ಅನಿಸಿದಾಗ ಸಣ್ಣ ಕರುಳಿನ ಕೊನೆಯ ಎರಡು ಅಡಿ ನೋಡಿದ್ದೀರಾ, ಮೆಕೆಲ್ಸ್ ಇತ್ತಾ ಎಂಬುದು ಬರಬೇಕು. ಈ ಹುಡುಗನಲ್ಲಿ ಕರುಳು ಊದಿಕೊಂಡು ಅಂಟಿಕೊಂಡಿತ್ತು, ನಾನು ಎಳೆದಾಡಲಿಲ್ಲ. "ಮೆಕೆಲ್ಸ್ ಹುಡುಕಿಲ್ಲ" ಎಂದೇ ಬರೆದೆ. ಹಳೇ ನೋಟಿನಿಂದ ಕಾಪಿ ಮಾಡುವವರು ಎಡವುವುದು ಇಲ್ಲೇ. ನೋಡದ ಕರುಳು ಕಾಗದದಲ್ಲಿ ನಾರ್ಮಲ್ ಆಗಿಬಿಡುತ್ತದೆ. ಒಮ್ಮೆ ನನ್ನ ಜೂನಿಯರ್ ಒಬ್ಬರು ಗಂಡಸಿನ ನೋಟಿನಲ್ಲಿ ಎರಡೂ ಓವರಿ ನಾರ್ಮಲ್ ಎಂದು ಬರೆದಿದ್ದರು. ನಕ್ಕೆವು, ಆದರೆ ಆ ನೋಟಿನ ಉಳಿದ ಸಾಲುಗಳನ್ನು ಯಾರು ನಂಬುತ್ತಾರೆ?

ಸ್ಟೆಪ್ಸ್‌ನಲ್ಲಿ ಪುಸ್ತಕದ ಪಾಠ ಬೇಡ, ನೀವು ಆ ದಿನ ಮಾಡಿದ್ದು ಬೇಕು. "ಹೊಕ್ಕುಳ ಕೆಳಗೆ 10 ಮಿ.ಮೀ. ಪೋರ್ಟ್, ಓಪನ್ ವಿಧಾನ. ಒತ್ತಡ 12. ಪ್ಯೂಬಿಸ್ ಮೇಲೆ ಮತ್ತು ಎಡ ಕೆಳಹೊಟ್ಟೆಯಲ್ಲಿ 5 ಮಿ.ಮೀ. ಪೋರ್ಟ್, ಎರಡೂ ನೋಡುತ್ತಾ ಹಾಕಿದ್ದು. ತಲೆ ಕೆಳಗೆ, ಎಡಕ್ಕೆ ವಾಲಿಸಿ. ಬುಡದ ಹತ್ತಿರ ಮೀಸೋಅಪೆಂಡಿಕ್ಸ್‌ನಲ್ಲಿ ಕಿಂಡಿ ಮಾಡಿ, ರಕ್ತನಾಳವನ್ನು ಬೈಪೋಲಾರ್‌ನಿಂದ ಸುಟ್ಟು ಕತ್ತರಿಸಲಾಯಿತು. ಬುಡಕ್ಕೆ ಎರಡು ಎಂಡೋಲೂಪ್, ಮೇಲೆ ಒಂದು, ನಡುವೆ ಕತ್ತರಿ. ಉಳಿದ ಸ್ಟಂಪ್ ಸುಮಾರು 4 ಮಿ.ಮೀ. ಬ್ಯಾಗಿನಲ್ಲಿ ಹಾಕಿ 10 ಪೋರ್ಟಿನಿಂದ ತೆಗೆಯಲಾಯಿತು. ಕೀವು ಸಕ್ಷನ್ ಮಾಡಲಾಯಿತು. ಡ್ರೈನ್ ಇಟ್ಟಿಲ್ಲ. 10 ಪೋರ್ಟಿನ ಶೀತ್ ವಿಕ್ರಿಲ್‌ನಿಂದ ಹೊಲಿಯಲಾಯಿತು."

ಸ್ಟಂಪ್ ಅಳತೆ ಯಾಕೆ ಅನ್ನುತ್ತೀರಾ? ಸ್ಟಂಪ್ ಉದ್ದ ಬಿಟ್ಟರೆ ವರ್ಷಗಳ ನಂತರವೂ ಅದೇ ಊದಿಕೊಳ್ಳಬಹುದು. ಅಷ್ಟು ಹೊತ್ತಿಗೆ "ಇವರಿಗೆ ಅಪೆಂಡಿಕ್ಸ್ ಆಗಲೇ ತೆಗೆದಾಗಿದೆ" ಎಂದು ಎಲ್ಲರೂ ಸುಮ್ನೆ ಕೈಬಿಟ್ಟಿರುತ್ತಾರೆ. ಹಾಗೇ ಲೋಹದ ಕ್ಲಿಪ್ ಹಾಕಿದ್ದರೆ ಎಷ್ಟು ಎಂದು ಬರೆಯಿರಿ. ಮುಂದಿನ ಸ್ಕ್ಯಾನ್ ಓದುವವರು ಅದನ್ನು ಹುಡುಕುತ್ತಾರೆ. ಬ್ಯಾಗ್ ಇಲ್ಲದೆ ಗ್ಲೌಸ್ ಬೆರಳು ಕತ್ತರಿಸಿ ಬಳಸಿದ್ದೀರಾ? ನಮ್ಮಲ್ಲಿ ಅದು ಮಾಮೂಲು, ನಾಚಿಕೆ ಬೇಡ. ಬರೆಯಿರಿ. ಆದರೆ ಅದೂ ಈಗ ಎಣಿಸಬೇಕಾದ ವಸ್ತು ಎಂದು ಸಿಸ್ಟರ್‌ಗೆ ಹೇಳಿ.

ಕೌಂಟ್ ವಿಷಯಕ್ಕೆ ಬರೋಣ. ಚಿಕ್ಕ ತೂತಿನ ಆಪರೇಷನ್, ಒಳಗೆ ಏನು ಬಿಟ್ಟೇವು ಎಂಬ ಉಡಾಫೆ ನಮ್ಮಲ್ಲಿ ಇದೆ. ಆದರೆ ರಕ್ತ ಒರೆಸಲು ಗಾಜ್ ಪೀಸನ್ನು ಸುರುಳಿ ಸುತ್ತಿ 10 ಪೋರ್ಟಿನಿಂದ ಒಳಗೆ ಬಿಡುತ್ತೇವೆ, ಅಲ್ವಾ? ನೆನೆದು ಕೆಂಪಾಗಿ ಕರುಳ ಮಡಿಕೆಯಲ್ಲಿ ಕೂತರೆ ಕ್ಯಾಮೆರಾಗೂ ಕಾಣುವುದಿಲ್ಲ. ನಮ್ಮ ಥಿಯೇಟರಿನಲ್ಲಿ ಗಾಜ್ ಒಳಗೆ ಹೋದಾಗ "ಒಂದು ಒಳಗೆ" ಎಂದು ಜೋರಾಗಿ ಹೇಳುತ್ತೇವೆ, ಸಿಸ್ಟರ್ ಬೋರ್ಡ್ ಮೇಲೆ ಬರೆಯುತ್ತಾರೆ. ಬಂದಾಗ "ಒಂದು ಹೊರಗೆ". ಎಕ್ಸ್‌ರೇಯಲ್ಲಿ ಕಾಣುವ ದಾರ ಇರುವ ಗಾಜ್ ಮಾತ್ರ ಒಳಗೆ ಹೋಗಬೇಕು.

ಎಣಿಕೆ ಮೂರು ಸಲ: ಕೊಯ್ಯುವ ಮುಂಚೆ, ಶೀತ್ ಹೊಲಿಯುವ ಮುಂಚೆ, ಚರ್ಮ ಮುಗಿದ ಮೇಲೆ. ನೋಟಿನಲ್ಲಿ "ಕೌಂಟ್ ಸರಿ" ಎಂದು ಬಿಡದೆ ಅಂಕಿ ಹಾಕಿ. ಈ ಕೇಸಿನಲ್ಲಿ: "ಗಾಜ್ ಶುರುವಿಗೆ 10, ನಡುವೆ ಸೇರಿಸಿದ್ದು 5, ಕೊನೆಗೆ 15. ಸೂಜಿ 2, ಚರ್ಮಕ್ಕೆ ಸೇರಿಸಿದ್ದು 1, ಕೊನೆಗೆ 3. ಬ್ಲೇಡ್ 1, ಕೊನೆಗೆ 1. ಬ್ಯಾಗ್ 1, ಹೊರಗೆ. ಉಪಕರಣಗಳು ಸೆಟ್ ಪಟ್ಟಿಯಂತೆ ಪೂರ್ತಿ." ಕೆಳಗೆ ಎಣಿಸಿದ ಇಬ್ಬರ ಹೆಸರು. ಎಣಿಸಿದ್ದು ಅವರು, ನೀವಲ್ಲ. ಸ್ಕ್ರಬ್ ಸಿಸ್ಟರ್ ಬಾಯಿಬಿಟ್ಟು ಹೇಳುವ ಮುಂಚೆ ಆ ಸಾಲು ಬರೆಯಬೇಡಿ. ಮಧ್ಯೆ ಸೇರಿಸಿದ್ದನ್ನು ಬೋರ್ಡಿಗೆ ಏರಿಸದೆ ಮರೆಯುವುದೇ ನಾನು ಕಂಡ ಹೆಚ್ಚಿನ ಗೊಂದಲಗಳಿಗೆ ಕಾರಣ.

ಲೆಕ್ಕ ತಾಳೆ ಆಗದಿದ್ದರೆ ಹೊಲಿಗೆ ನಿಲ್ಲಿಸಿ. ಡ್ರೇಪ್ ಮಡಿಕೆ, ಬಕೆಟ್, ನೆಲ, ಪೋರ್ಟ್ ಒಳಭಾಗ ನೋಡಿ, ಮತ್ತೆ ಕ್ಯಾಮೆರಾ ಹಾಕಿ. ಸಿಗದಿದ್ದರೆ ರೋಗಿ ಟೇಬಲ್ ಮೇಲಿರುವಾಗಲೇ ಎಕ್ಸ್‌ರೇ. ತೀರಾ ಚಿಕ್ಕ ಸೂಜಿ ಎಕ್ಸ್‌ರೇಯಲ್ಲೂ ತಪ್ಪಿಸಿಕೊಳ್ಳಬಹುದು, ಹಾಗಾಗಿ ಫಿಲಂ ಕ್ಲಿಯರ್ ಎಂದ ಮಾತ್ರಕ್ಕೆ ಲೆಕ್ಕ ಸರಿ ಎಂದು ತಿದ್ದಬೇಡಿ. ಏನು ಸಿಗಲಿಲ್ಲ, ಎಲ್ಲೆಲ್ಲಿ ಹುಡುಕಿದಿರಿ, ಯಾರಿಗೆ ತಿಳಿಸಿದಿರಿ ಎಂದು ಇದ್ದದ್ದು ಇದ್ದಂತೆ ಬರೆಯಿರಿ.

ಪೋಸ್ಟ್ ಆಪ್ ಆರ್ಡರ್ಸ್‌ನಲ್ಲಿ ನನಗೆ ಕಿರಿಕಿರಿ ತರುವುದು "ಸಿಎಸ್‌ಟಿ" ಎಂಬ ಮೂರಕ್ಷರ. ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್ ಎಂದರೆ ಯಾವುದು, ಎಲ್ಲಿಯವರೆಗೆ? ಆಂಟಿಬಯೋಟಿಕ್ ಶುರುಮಾಡುವಾಗಲೇ ನಿಲ್ಲಿಸುವ ದಿನವನ್ನೂ ಬರೆಯಿರಿ. ತೂತಾಗದ ಸಾದಾ ಅಪೆಂಡಿಕ್ಸ್ ಆದರೆ ಮುಂಚೆ ಕೊಟ್ಟ ಡೋಸ್ ಸಾಕು. ಈ ಹುಡುಗನಿಗೆ ತೂತಾಗಿತ್ತು, ಆದ್ದರಿಂದ ಸೆಫ್ಟ್ರಿಯಾಕ್ಸೋನ್ 1 ಗ್ರಾಂ 12 ಗಂಟೆಗೊಮ್ಮೆ, ಮೆಟ್ರೊನಿಡಜೋಲ್ 500 ಮಿ.ಗ್ರಾಂ 8 ಗಂಟೆಗೊಮ್ಮೆ, "ನಾಲ್ಕನೇ ದಿನ ನೋಡಿ ನಿಲ್ಲಿಸಿ". 2015ರಲ್ಲಿ ಪ್ರಕಟವಾದ ಸ್ಟಾಪ್-ಇಟ್ ಅಧ್ಯಯನದಲ್ಲಿ, ಹೊಟ್ಟೆಯ ಸೋಂಕಿನ ಮೂಲ ತೆಗೆದ ಮೇಲೆ ಸುಮಾರು ನಾಲ್ಕು ದಿನ ಕೊಟ್ಟವರಿಗೂ ಎಂಟು ದಿನ ಕೊಟ್ಟವರಿಗೂ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ನಿಮ್ಮ ಆಸ್ಪತ್ರೆಯ ಆಂಟಿಬಯೋಟಿಕ್ ಪಟ್ಟಿ ಬೇರೆ ಇದ್ದರೆ ಅದನ್ನೇ ಅನುಸರಿಸಿ.

ಉಳಿದದ್ದು: ಪ್ಯಾರಾಸಿಟಮಾಲ್ 1 ಗ್ರಾಂ 8 ಗಂಟೆಗೊಮ್ಮೆ. ಪೂರ್ತಿ ಎಚ್ಚರವಾಗಿ, ವಾಂತಿ ಇಲ್ಲದಿದ್ದರೆ 6 ಗಂಟೆಯ ನಂತರ ಗುಟುಕು ನೀರು, ಬೆಳಿಗ್ಗೆ ಗಂಜಿ ಅಥವಾ ಇಡ್ಲಿ. ಕುಡಿಯಲು ಶುರುಮಾಡಿದ ಮೇಲೆ ಡ್ರಿಪ್ ನಿಲ್ಲಿಸಿ. ಸಂಜೆಯೊಳಗೆ ಎಬ್ಬಿಸಿ ನಡೆಸಿ. ನಾಡಿ, ಬಿಪಿ, ಉಸಿರು, ಜ್ವರ ಮೊದಲ 4 ತಾಸು ಗಂಟೆಗೊಮ್ಮೆ, ಆಮೇಲೆ 4 ಗಂಟೆಗೊಮ್ಮೆ. ಜೊತೆಗೆ ಯಾವಾಗ ಕರೆಯಬೇಕು ಎಂಬುದು ಅಂಕಿಯಲ್ಲಿ ಇರಲಿ: ನಾಡಿ 110 ದಾಟಿದರೆ, ಮೇಲಿನ ಬಿಪಿ 100ಕ್ಕಿಂತ ಇಳಿದರೆ, ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಕಡಿಮೆಯಾದರೆ, ಹೊಟ್ಟೆ ಉಬ್ಬಿದರೆ. ಮೊದಲ ರಾತ್ರಿ ನಾಡಿ ಏರಿ ಬಿಪಿ ಇಳಿದರೆ ರಕ್ತ ಸೋರುತ್ತಿದೆಯಾ ಎಂದು ಮೊದಲು ನೋಡಬೇಕು. ನಾಲ್ಕೈದನೇ ದಿನ ಜ್ವರ, ಭೇದಿ, ಮಲದ್ವಾರದಲ್ಲಿ ಒತ್ತಿದಂತಾದರೆ ಪೆಲ್ವಿಸ್‌ನಲ್ಲಿ ಕೀವು ಕಟ್ಟಿದೆಯಾ ನೋಡಿ. "ವಾಚ್ ವೈಟಲ್ಸ್" ಎಂದರೆ ಸಿಸ್ಟರ್ ಬರೆದಿಡುತ್ತಾರೆ, ಅಂಕಿ ಕೊಟ್ಟರೆ ಫೋನ್ ಮಾಡುತ್ತಾರೆ.

ಅಪೆಂಡಿಕ್ಸ್ ಬಯಾಪ್ಸಿಗೆ ಹೋಯಿತು, ರಿಪೋರ್ಟ್ ಯಾರು ನೋಡುತ್ತಾರೆ ಎಂಬ ಸಾಲನ್ನೂ ಸೇರಿಸಿ. ಅಪರೂಪಕ್ಕೆ ಅದರಲ್ಲಿ ಗಡ್ಡೆ ಸಿಗುತ್ತದೆ, ಅಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾರೆ.

ಇದೆಲ್ಲವನ್ನೂ ಮುಂದಿನ ಕೇಸಿಗೆ ಕೈ ತೊಳೆಯುವ ಮುಂಚೆ ಬರೆದು, ಸಮಯ ಹಾಕಿ ಸಹಿ ಮಾಡಿ. ಆಮೇಲೆ ಏನಾದರೂ ತಪ್ಪು ಕಂಡರೆ ವೈಟ್‌ನರ್ ಬೇಡ. ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಿದ್ದಿದ ಸಮಯ ಮತ್ತು ಸಹಿ ಹಾಕಿ.