ಸ್ಟಾರ್ಟ್‌ಅಪ್ ಮಾನ್ಯತೆ ಇದ್ದರೆ ಕಂಪನಿಯನ್ನು ನಂಬಬಹುದಾ?

> "ಕೆಲಸ ಕೊಡ್ತೀವಿ, ಮೊದಲು ತರಬೇತಿಗೆ ಡೆಪಾಸಿಟ್ ಕಟ್ಟಿ ಅಂತಿದ್ದಾರೆ. ಸ್ಟಾರ್ಟ್‌ಅಪ್ ಇಂಡಿಯಾ ಸರ್ಟಿಫಿಕೇಟ್ ಕಳಿಸಿದ್ದಾರೆ. ನಿಜಾನಾ? ನಂಬಬಹುದಾ?"

ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ನೋಡಿ ಏನೂ ತೀರ್ಮಾನಿಸಬೇಡಿ. ಅದರಲ್ಲಿ DIPP ಅಂತ ಶುರುವಾಗುವ ಸಂಖ್ಯೆ ಇರುತ್ತದೆ. (ಈ ಮಾನ್ಯತೆ ಕೊಡುವ ಕೇಂದ್ರ ಸರ್ಕಾರದ ಇಲಾಖೆಯ ಹೆಸರು 2019ರಲ್ಲಿ ಡಿಪಿಐಐಟಿ ಆಯಿತು, DIPP ಹಳೆಯ ಹೆಸರು. ಹಾಗಾಗಿ ಅದೊಂದನ್ನೇ ನೋಡಿ ನಕಲಿ ಅನ್ನಬೇಡಿ.) startupindia.gov.in ಅನ್ನು ನೀವೇ ಟೈಪ್ ಮಾಡಿ ತೆರೆಯಿರಿ. ಅಲ್ಲಿ ಪ್ರಮಾಣಪತ್ರ ಪರಿಶೀಲಿಸುವ ಪುಟದಲ್ಲಿ ಆ ಸಂಖ್ಯೆ ಹಾಕಿ.

ಸಿಕ್ಕ ಹೆಸರು ನಿಮ್ಮ ಆಫರ್ ಲೆಟರ್‌ನಲ್ಲಿರುವ ಹೆಸರೇನಾ ನೋಡಿ. ಬ್ರ್ಯಾಂಡ್ ಹೆಸರಲ್ಲ, ನೋಂದಾಯಿತ ಹೆಸರು. ಬೇರೆಯವರ ಸರ್ಟಿಫಿಕೇಟ್ ತೋರಿಸುವುದು ಇಲ್ಲೇ ಸಿಕ್ಕಿಬೀಳುತ್ತದೆ. ಡೆಪಾಸಿಟ್ ಕಟ್ಟಲು ಕೊಟ್ಟ ಖಾತೆಯೂ ಅದೇ ಹೆಸರಲ್ಲಿರಬೇಕು ಅಲ್ವಾ?

ಎಲ್ಲಾ ಹೊಂದಿಕೆಯಾದರೂ ಅದು ಹೇಳುವುದು ಸ್ವಲ್ಪವೇ. ನೋಂದಾಯಿತ ಸಂಸ್ಥೆ, ಆರಂಭವಾಗಿ ಹೆಚ್ಚು ವರ್ಷ ಆಗಿಲ್ಲ, ಹೊಸತನದ ವ್ಯವಹಾರ ಅಂತ ಅರ್ಜಿಯಲ್ಲಿ ಹೇಳಿಕೊಂಡಿದೆ, ಇಲಾಖೆ ಒಪ್ಪಿದೆ. ಅಷ್ಟೇ. ಬ್ಯಾಂಕಲ್ಲಿ ದುಡ್ಡಿದೆಯಾ, ಸಂಬಳ ಕೊಡುತ್ತಾರಾ ಅನ್ನುವುದನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಸರ್ಕಾರ ದುಡ್ಡು ಹಾಕಿದೆ ಅಂತಲೂ ಅಲ್ಲ. ಸ್ಟಾರ್ಟ್‌ಅಪ್‌ಗಳಿಗಿರುವ ಆದಾಯ ತೆರಿಗೆ ವಿನಾಯಿತಿಗೂ ಕಂಪನಿ ಬೇರೆಯದೇ ಅರ್ಜಿ ಹಾಕಬೇಕು.

ನಾನಾಗಿದ್ದರೆ, ಸರ್ಟಿಫಿಕೇಟ್ ಅಸಲಿಯಾದರೂ ಡೆಪಾಸಿಟ್ ಕಟ್ಟುತ್ತಿರಲಿಲ್ಲ.