ಪ್ಯಾನ್ ಜರ್ಕ್ ಹೊಡೆಯುತ್ತೆ, ಗಿಂಬಲ್ ಶಾಟ್ ಕುಣಿಯುತ್ತೆ: ತಪ್ಪು ಎಲ್ಲಿದೆ?

ಪ್ರಶ್ನೆ: ಮದುವೆ ಮಂಟಪದಲ್ಲಿ ಕ್ರಾಪ್ ಸೆನ್ಸರ್ ಕ್ಯಾಮೆರಾ, 18-55 ಲೆನ್ಸ್, ಕಡಿಮೆ ಬೆಲೆಯ ಟ್ರೈಪಾಡ್ ಇಟ್ಟು ಪ್ಯಾನ್ ಮಾಡಿದ್ರೆ ಶುರುವಲ್ಲಿ ಜರ್ಕ್, ನಿಲ್ಲಿಸಿದಾಗ ಹಿಂದಕ್ಕೆ ಎಗರುತ್ತೆ. ಫೋನ್ ಗಿಂಬಲ್ ಹಿಡಿದು ನಡೆದ್ರೂ ಶಾಟ್ ಮೇಲೆ ಕೆಳಗೆ ಕುಣಿಯುತ್ತೆ. ಏನ್ ಮಾಡ್ಬೇಕು?

ಮೊದಲು ಒಂದು ಪರೀಕ್ಷೆ ಮಾಡಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ, ಪ್ಯಾನ್ ಲಾಕ್ ಬಿಗಿ ಮಾಡಿ, ಹಿಡಿಯ ತುದಿಯನ್ನು ಒಂದೇ ಬೆರಳಿನಿಂದ ಪಕ್ಕಕ್ಕೆ ಮೆಲ್ಲಗೆ ಒತ್ತಿ ಬಿಡಿ. ಸ್ಕ್ರೀನ್‌ನಲ್ಲಿ ಚಿತ್ರ ಸ್ವಲ್ಪ ಸರಿದು ಮತ್ತೆ ಹಳೇ ಜಾಗಕ್ಕೆ ಬಂತಾ? ಹಾಗಾದ್ರೆ ನಿಮ್ಮ ಶಾಟ್ ಹಿಂದಕ್ಕೆ ಎಗರೋದಕ್ಕೆ ಕಾರಣ ಕೈಯಲ್ಲ, ಟ್ರೈಪಾಡ್. ಹೆಡ್ ತಿರುಗುವ ಮುಂಚೆ ಕಾಲುಗಳು ಸ್ಪ್ರಿಂಗ್ ಥರ ತಿರುಚಿಕೊಳ್ತವೆ, ನೀವು ಕೈ ಬಿಟ್ಟಾಗ ಬಿಚ್ಚಿಕೊಳ್ತವೆ. ಮಧ್ಯದ ಕಂಬ ಮೇಲೆತ್ತಿದ್ರೆ ಪೂರ್ತಿ ಇಳಿಸಿ, ಎತ್ತರ ಬೇಕಿದ್ರೆ ಕಾಲು ಉದ್ದ ಮಾಡಿ. ಕಾಲಿನ ಕೊನೆಯ ಸಣ್ಣ ಭಾಗ ಅಗತ್ಯ ಇಲ್ಲದಿದ್ರೆ ಎಳೀಬೇಡಿ. ಕ್ಯಾಮೆರಾ ತಳದ ಪ್ಲೇಟಿನ ಸ್ಕ್ರೂ ಬೆರಳಲ್ಲಿ ತಿರುಗಿಸಿ ಬಿಟ್ಟಿರ್ತೀರಿ, ಒಂದು ನಾಣ್ಯ ಹಾಕಿ ಬಿಗಿ ಮಾಡಿ. ಕಂಬದ ಕೆಳಗೆ ಕೊಕ್ಕೆ ಇದ್ರೆ ಕ್ಯಾಮೆರಾ ಬ್ಯಾಗ್ ನೇತುಹಾಕಿ, ಆದ್ರೆ ಬ್ಯಾಗ್ ತೂಗಾಡದ ಹಾಗೆ ನೆಲಕ್ಕೆ ಸ್ವಲ್ಪ ತಾಗಿರಲಿ.

ಇನ್ನು ಶುರುವಿನ ಜರ್ಕ್. ತುಂಬಾ ಜನ ಪ್ಯಾನ್ ಲಾಕನ್ನೇ ಅರ್ಧ ಬಿಗಿ ಮಾಡಿ ಬಿಗಿತ ತರೋಕೆ ನೋಡ್ತಾರೆ. ಲಾಕ್ ಇರೋದು ನಿಲ್ಲಿಸೋಕೆ ಮಾತ್ರ. ಅರ್ಧ ಬಿಗಿಯಲ್ಲಿ ಅದು ಮೊದಲು ಅಂಟಿಕೊಳ್ಳುತ್ತೆ, ನೀವು ಜೋರು ಹಾಕಿದಾಗ ಪಟ್ಟನೆ ಬಿಟ್ಟುಕೊಳ್ಳುತ್ತೆ, ಅದೇ ಜರ್ಕ್. ಹೆಡ್‌ನಲ್ಲಿ ಡ್ರ್ಯಾಗ್ ಅಂತ ಬೇರೆ ತಿರುಪು ಇದ್ರೆ ಅದನ್ನು ಬಳಸಿ, ಲಾಕ್ ಪೂರ್ತಿ ಬಿಚ್ಚಿ. ಕಡಿಮೆ ಬೆಲೆಯ ಹೆಡ್‌ಗಳಲ್ಲಿ ಡ್ರ್ಯಾಗ್ ಇರೋದಿಲ್ಲ. ಅಂಥದ್ದಕ್ಕೆ ಹಿಡಿಯ ತುದಿಗೆ ಒಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಹಿಡಿ ಮುಟ್ಟದೆ ರಬ್ಬರನ್ನೇ ನಿಧಾನ ಎಳೆಯಿರಿ. ಮೊದಲ ಎಳೆತವನ್ನೆಲ್ಲ ರಬ್ಬರ್ ಹಿಗ್ಗಿ ನುಂಗಿಕೊಳ್ಳುತ್ತೆ, ಕ್ಯಾಮೆರಾ ತಾನಾಗೇ ಹೊರಟ ಹಾಗೆ ಕಾಣುತ್ತೆ. ನೋಡೋರಿಗೆ ನಗು ಬರಬಹುದು, ಆದ್ರೆ ಕೆಲಸ ಆಗುತ್ತೆ. ಇನ್ನೊಂದು, ಇಂಥ ಹೆಡ್‌ಗಳಲ್ಲಿ ಹಿಡಿಯನ್ನು ತಿರುಚಿದ್ರೆ ಟಿಲ್ಟ್ ಲಾಕ್ ಆಗುವ ಏರ್ಪಾಡು ಸಾಮಾನ್ಯ. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ್ರೆ ನಿಮಗೇ ಗೊತ್ತಿಲ್ಲದೆ ತಿರುಚುತ್ತೆ, ಎರಡು ಬೆರಳು ಸಾಕು.

ಲೆನ್ಸ್ ಅಥವಾ ಕ್ಯಾಮೆರಾದ ಸ್ಟೆಬಿಲೈಸೇಶನ್ ಟ್ರೈಪಾಡ್ ಮೇಲೆ ಆಫ್ ಇರಲಿ. ಆನ್ ಇದ್ರೆ ನೀವು ಮಾಡುವ ಪ್ಯಾನನ್ನೂ ಅದು ಕೈನಡುಕ ಅಂತ ತಿಳಿದು ತಡೆಹಿಡಿಯಬಹುದು, ಆಮೇಲೆ ತನ್ನ ಮಿತಿ ಮುಗಿದಾಗ ಒಮ್ಮೆಲೇ ಹಾರುತ್ತೆ. ಹಿಡಿ ನಿಂತ ಮೇಲೂ ಚಿತ್ರ ಇನ್ನಷ್ಟು ತೇಲಿ ಹೋದ್ರೆ ಅದರದ್ದೇ ಕೆಲಸ.

ನಿಲ್ಲುವ ಭಂಗಿ ಬಹಳ ಮುಖ್ಯ, ಆದ್ರೂ ಯಾರೂ ಗಮನಿಸಲ್ಲ. ಪಾದ ಇಡಬೇಕಾದ್ದು ಶಾಟ್ ಮುಗಿಯುವ ದಿಕ್ಕಿಗೆ, ಶುರುವಾಗುವ ದಿಕ್ಕಿಗಲ್ಲ. ಹಸೆಮಣೆಯಿಂದ ಶುರುಮಾಡಿ ಬಲಗಡೆ ಓಲಗದವರ ಮೇಲೆ ಮುಗಿಸಬೇಕು ಅಂತಿಟ್ಟುಕೊಳ್ಳಿ. ಪಾದ ಓಲಗದವರ ಕಡೆಗೆ ಇಟ್ಟು, ಸೊಂಟದಿಂದ ಮೇಲೆ ಹಸೆಮಣೆ ಕಡೆ ತಿರುಗಿ. ಈಗ ಪ್ಯಾನ್ ಮಾಡ್ತಾ ಮೈ ಬಿಚ್ಚಿಕೊಳ್ತಾ ಹೋಗುತ್ತೆ, ಕೊನೆಯಲ್ಲಿ ಆರಾಮಾಗಿ ನಿಂತಿರ್ತೀರಿ. ಉಲ್ಟಾ ಮಾಡಿದ್ರೆ ಕೊನೆಗೆ ಮೈ ತಿರುಚಿ, ನಿಖರವಾಗಿ ನಿಲ್ಲಬೇಕಾದ ಜಾಗದಲ್ಲೇ ಕೈ ನಡುಗುತ್ತೆ. ಹೊರಡುವ ಮುಂಚೆ 5 ಸೆಕೆಂಡ್, ನಿಂತ ಮೇಲೆ 5 ಸೆಕೆಂಡ್ ಸುಮ್ಮನೆ ರೆಕಾರ್ಡ್ ಆಗಲಿ. ನಿಂತ ತಕ್ಷಣ ಹಿಡಿ ಬಿಡಬೇಡಿ.

ವೇಗ ಎಷ್ಟು? ಫ್ರೇಮಿನ ಒಂದು ಅಂಚಿನಲ್ಲಿ ಕಾಣಿಸಿಕೊಂಡ ವಸ್ತು ಇನ್ನೊಂದು ಅಂಚು ದಾಟೋಕೆ ಸುಮಾರು 7 ಸೆಕೆಂಡ್ ಬೇಕು ಅನ್ನೋದು 24-25 ಫ್ರೇಮಿನಲ್ಲಿ ಶೂಟ್ ಮಾಡೋರ ಹಳೇ ಲೆಕ್ಕ. ಅದಕ್ಕಿಂತ ಬೇಗ ಹೋದ್ರೆ ಕೈ ಎಷ್ಟೇ ನಯವಾಗಿದ್ರೂ ಚಿತ್ರ ತುಂಡುತುಂಡಾಗಿ ಮಿಡಿಯುತ್ತೆ, ಜನ ಅದನ್ನೂ ಟ್ರೈಪಾಡಿನ ತಪ್ಪು ಅಂದುಕೊಳ್ತಾರೆ. ನಿಮ್ಮ ಲೆನ್ಸನ್ನೇ ತಗೊಳ್ಳಿ. 35 ಎಂಎಂನಲ್ಲಿ ಫ್ರೇಮಿಗೆ ಅಡ್ಡಲಾಗಿ ಸುಮಾರು 37 ಡಿಗ್ರಿ ಕಾಣುತ್ತೆ. 90 ಡಿಗ್ರಿ ತಿರುಗಬೇಕು ಅಂದ್ರೆ 90ನ್ನು 37ರಿಂದ ಭಾಗಿಸಿ 7ರಿಂದ ಗುಣಿಸಿ, 17 ಸೆಕೆಂಡ್. ಅಷ್ಟುದ್ದದ ಪ್ಯಾನ್ ಮದುವೆ ವಿಡಿಯೋದಲ್ಲಿ ಯಾರೂ ನೋಡಲ್ಲ. 18 ಎಂಎಂನಲ್ಲಿ ಸುಮಾರು 66 ಡಿಗ್ರಿ ಕಾಣೋದ್ರಿಂದ ಅದೇ ತಿರುವು ಸುಮಾರು ಒಂಬತ್ತೂವರೆ ಸೆಕೆಂಡಿಗೆ ಮುಗಿಯುತ್ತೆ. ಹಾಗಾಗಿ ಒಂದೋ ವೈಡ್ ಹಾಕಿ, ಇಲ್ಲ ತಿರುಗುವ ಕೋನ ಕಡಿಮೆ ಮಾಡಿ. ಯಾರಾದ್ರೂ ನಡೆದು ಹೋಗ್ತಿದ್ರೆ ಅವರ ಜೊತೆ ಪ್ಯಾನ್ ಮಾಡುವಾಗ ಈ ಲೆಕ್ಕ ಬೇಡ, ಕಣ್ಣು ಆ ವ್ಯಕ್ತಿಯ ಮೇಲಿರುತ್ತೆ, ಹಿನ್ನೆಲೆ ಮಿಡಿದ್ರೂ ಗೊತ್ತಾಗಲ್ಲ. 25 ಫ್ರೇಮಿಗೆ ಶಟರ್ 1/50 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಮಂಟಪದ ಲೈಟುಗಳ ಮಿನುಗೂ ಇದರಲ್ಲಿ ಕಡಿಮೆ.

ಟಿಲ್ಟ್ ಬಗ್ಗೆ ಒಂದೇ ಮಾತು: ಟಿಲ್ಟ್ ಲಾಕ್ ಸಡಿಲ ಮಾಡಿ ಕೈಯಿಂದ ಕ್ಯಾಮೆರಾ ಆನಿಸಿಕೊಂಡೇ ನೋಡಿ. ಮೂತಿ ಮುಂದಕ್ಕೆ ಬೀಳ್ತಿದ್ರೆ ಕ್ಯಾಮೆರಾವನ್ನು ಪ್ಲೇಟಿನ ಮೇಲೆ ಹಿಂದಕ್ಕೆ ಸರಿಸಿ, ಹಿಂದಕ್ಕೆ ವಾಲಿದ್ರೆ ಮುಂದಕ್ಕೆ. ತೂಕ ಸಮ ಇಲ್ಲದೆ ಟಿಲ್ಟ್ ಮಾಡಿದ್ರೆ ನೀವು ಕ್ಯಾಮೆರಾ ತಿರುಗಿಸ್ತಿರೋದಿಲ್ಲ, ಅದು ಬೀಳದಂತೆ ಹಿಡಿದಿರ್ತೀರಿ.

ಗಿಂಬಲ್ ವಿಷಯಕ್ಕೆ ಬರೋಣ. ಮೂರು ಮೋಟಾರ್ ಗಿಂಬಲ್ ಸರಿಪಡಿಸೋದು ಫೋನ್ ತಿರುಗೋದನ್ನು: ಎಡ-ಬಲ, ಮೇಲೆ-ಕೆಳಗೆ ಬಾಗೋದು, ಪಕ್ಕಕ್ಕೆ ವಾಲೋದು. ನೀವು ಹೆಜ್ಜೆ ಇಟ್ಟಾಗ ಇಡೀ ಫೋನು ಮೇಲೇರಿ ಇಳಿಯುತ್ತಲ್ಲ, ಅದನ್ನು ತಡೆಯೋ ಮೋಟಾರ್ ಅದರಲ್ಲಿಲ್ಲ. ನಿಮ್ಮ ವಿಡಿಯೋ ಮತ್ತೆ ಹಾಕಿ ನೋಡಿ: ದೂರದ ಗೋಡೆ ಹೆಚ್ಚುಕಡಿಮೆ ನಿಂತಲ್ಲೇ ನಿಂತು, ಹತ್ತಿರದ ಕುರ್ಚಿ, ಕಂಬ ಮಾತ್ರ ಕುಣಿಯುತ್ತಿದ್ರೆ ಗಿಂಬಲ್ ಚೆನ್ನಾಗಿದೆ, ನಡಿಗೆ ಸರಿಯಿಲ್ಲ. ಗೋಡೆ ಕುರ್ಚಿ ಎಲ್ಲಾ ಒಟ್ಟಿಗೇ ಒಂದೇ ಅಳತೆಯಲ್ಲಿ ಅಲುಗಾಡಿದ್ರೆ ಗಿಂಬಲ್ ಬ್ಯಾಲೆನ್ಸ್ ಆಗಿಲ್ಲ. ಪವರ್ ಆಫ್ ಇರುವಾಗ ಫೋನನ್ನು ಕ್ಲ್ಯಾಂಪಿನಲ್ಲಿ ಎಡಕ್ಕೆ ಬಲಕ್ಕೆ ಸರಿಸಿ, ಹೆಚ್ಚುಕಡಿಮೆ ಅಡ್ಡಲಾಗಿ ತಾನಾಗೇ ನಿಲ್ಲುವ ಜಾಗ ಹುಡುಕಿ, ಆಮೇಲೆ ಆನ್ ಮಾಡಿ. ಫೋನ್ ಕವರ್ ತೆಗೆದು ಹಾಕಿದ್ರೆ ಸುಲಭ.

ನಡಿಗೆಗೆ ಮೊಣಕಾಲು ಸ್ವಲ್ಪ ಬಾಗಿರಲಿ, ಶಾಟ್ ಮುಗಿಯುವವರೆಗೂ ನೆಟ್ಟಗಾಗಬಾರದು. ಹೆಜ್ಜೆ ನಿಮ್ಮ ಮಾಮೂಲಿ ಹೆಜ್ಜೆಯ ಅರ್ಧ, ಹಿಮ್ಮಡಿ ಮೊದಲು ಊರಿ ಬೆರಳವರೆಗೆ ಉರುಳಿಸಿ. ಮೊಣಕೈ ಪಕ್ಕೆಲುಬಿಗೆ ಹತ್ತಿರ, ಎರಡೂ ಕೈಯಲ್ಲಿ ಹಿಡಿ. ತುಂಬಿದ ಲೋಟ ಎತ್ತಿಕೊಂಡು ಹೋಗುವವರು ಹೀಗೇ ನಡೀತಾರೆ. ರೆಕಾರ್ಡ್ ಒತ್ತಿ ಎರಡು ಹೆಜ್ಜೆ ನಡೆದ ಮೇಲೆ ಬೇಕಾದ ಭಾಗ ಶುರುವಾಗಲಿ, ಮುಗಿದ ಮೇಲೂ ಎರಡು ಹೆಜ್ಜೆ ಹೋಗಿ. ಮೊದಲ ಮತ್ತು ಕೊನೆಯ ಹೆಜ್ಜೆಯ ಧಡಕ್ಕು ಎಡಿಟಿಂಗಿನಲ್ಲಿ ಕತ್ತರಿಸಿ ಹೋಗುತ್ತೆ. ಮೋಡ್ ಪ್ಯಾನ್ ಫಾಲೋ ಇರಲಿ, ಕೈ ಮೇಲೆ ಕೆಳಗೆ ಬಾಗಿದ್ರೂ ಕ್ಯಾಮೆರಾ ಬಾಗಲ್ಲ. ಫಾಲೋ ವೇಗ ನಿಧಾನಕ್ಕೆ ಇಟ್ಟು, ತಿರುವಿನಲ್ಲಿ ಮಣಿಕಟ್ಟು ಬಳಸದೆ ಸೊಂಟದಿಂದ ತಿರುಗಿ.

ಇಷ್ಟಾದ್ರೂ ಸ್ವಲ್ಪ ಕುಣಿತ ಉಳಿಯುತ್ತೆ. ವೈಡ್ ಲೆನ್ಸ್ ಹಾಕಿ, ತೀರಾ ಹತ್ತಿರ ಕುರ್ಚಿ ಕಂಬ ಬಾರದ ದಾರಿ ಹಿಡಿದ್ರೆ ಅದು ಕಣ್ಣಿಗೆ ಕಾಣಲ್ಲ. ಧ್ವನಿ ಬೇಡದ ಶಾಟ್ ಆದ್ರೆ 50 ಫ್ರೇಮಿನಲ್ಲಿ ತೆಗೆದು 25ರಲ್ಲಿ ಓಡಿಸಿ, ಅರ್ಧ ವೇಗದಲ್ಲಿ ಹೆಜ್ಜೆಯ ಏರಿಳಿತ ತೇಲಿದ ಹಾಗೆ ಕಾಣುತ್ತೆ. ಎಡಿಟಿಂಗ್ ಸಾಫ್ಟ್‌ವೇರಿನ ಸ್ಟೆಬಿಲೈಸರ್ ನಂಬಿ ಇದನ್ನೆಲ್ಲ ಬಿಡಬೇಡಿ. ಅದು ಚಿತ್ರವನ್ನು ನಿಲ್ಲಿಸಬಲ್ಲದು, ಆದ್ರೆ ಹೆಜ್ಜೆ ಬಿದ್ದಾಗ 1/50ರಲ್ಲಿ ಮಸುಕಾದ ಫ್ರೇಮ್ ಮಸುಕಾಗೇ ಉಳಿಯುತ್ತೆ, ಪ್ರತಿ ಹೆಜ್ಜೆಗೂ ಒಮ್ಮೆ ಚಿತ್ರ ಮಂಕಾಗಿ ಸ್ಪಷ್ಟವಾಗ್ತಾ ಇರುತ್ತೆ.