ಗೊತ್ತಿಲ್ಲದ ಪ್ರಶ್ನೆಗೆ ಏನೋ ಒಂದು ಹೇಳಿಬಿಟ್ಟೆ

*ಮೇಡಂ, ನಾನು ದಾವಣಗೆರೆಯವಳು. ಬಿ.ಇ. ಮುಗಿಸಿ ಒಂದು ವರ್ಷವಾಯಿತು. ಅಪ್ಪ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮೊನ್ನೆ ಬೆಂಗಳೂರಿನ ಕಂಪನಿಯೊಂದರ ಟೆಕ್ನಿಕಲ್ ಸುತ್ತು ವಿಡಿಯೊ ಕರೆಯಲ್ಲಿ ನಡೆಯಿತು. `orders` ಟೇಬಲ್‌ನಲ್ಲಿ `(customer_id, order_date)` ಮೇಲೆ ಇಂಡೆಕ್ಸ್ ಇದೆ, ಆದರೂ ಒಂದು ದಿನದ ಆರ್ಡರ್‌ಗಳನ್ನು ಹುಡುಕುವ ಕ್ವೆರಿ ನಿಧಾನವಾಗಿದೆ, ಏಕೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ಇಂಡೆಕ್ಸ್ ಕೆಟ್ಟಿರಬಹುದು" ಎಂದೆ. "ಕೆಟ್ಟಿದೆ ಎಂದು ಹೇಗೆ ಪತ್ತೆ ಹಚ್ಚುತ್ತೀರಿ?" ಎಂದರು. "ಸರ್ವರ್‌ನ ಮೆಮೊರಿ ನೋಡುತ್ತೇನೆ" ಎಂದೆ. ಅವರು ನಕ್ಕರು. ಆಮೇಲೆ ಗೊತ್ತಿದ್ದ ಪ್ರಶ್ನೆಗಳಿಗೂ ಬಾಯಿ ಬರಲಿಲ್ಲ. ಮುಂದಿನ ಬುಧವಾರ ಇನ್ನೊಂದು ಸಂದರ್ಶನವಿದೆ. ಗೊತ್ತಿಲ್ಲ ಎಂದರೆ ಕೆಲಸ ಅಲ್ಲಿಗೇ ಕೈತಪ್ಪುವುದಿಲ್ಲವೇ?*
*— ಹೆಸರು ಬೇಡ, ದಾವಣಗೆರೆ*

"ಗೊತ್ತಿಲ್ಲ" ಎಂದಷ್ಟೇ ಹೇಳಿ ಸುಮ್ಮನಾದರೆ ಆ ಪ್ರಶ್ನೆಯ ಮಟ್ಟಿಗೆ ಕೈತಪ್ಪಿದಂತೆಯೇ. ಆದರೆ ನಿಮ್ಮನ್ನು ಸಿಕ್ಕಿಸಿದ್ದು ಮೊದಲ ಪ್ರಶ್ನೆಯಲ್ಲ, ಎರಡನೆಯದು. ಸಂದರ್ಶನ ಮಾಡುವವರು ಯಾವ ಉತ್ತರ ಬಂದರೂ ಒಂದು ಮೆಟ್ಟಿಲು ಕೆಳಗಿಳಿದು "ಅದು ಹೇಗೆ?" ಎಂದು ಕೇಳುತ್ತಾರೆ. ತಿಳಿದು ಹೇಳಿದ ಮಾತಿನ ಕೆಳಗೆ ಇನ್ನೊಂದು ಮೆಟ್ಟಿಲು ಇದ್ದೇ ಇರುತ್ತದೆ, ತೋಚಿದ್ದನ್ನು ಹೇಳಿದರೆ ಇರುವುದಿಲ್ಲ. "ಕೆಟ್ಟಿರಬಹುದು" ಎಂಬುದನ್ನು ಅವರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದನ್ನು ಉಳಿಸಿಕೊಳ್ಳಲು ಮೆಮೊರಿಯನ್ನು ಎಳೆದು ತಂದಿರಲ್ಲ, ಅಲ್ಲಿ ಅವರಿಗೆ ಗೊತ್ತಾಯಿತು. ನಕ್ಕದ್ದು ಸರಿಯಲ್ಲ, ಅದು ಬೇರೆ ಮಾತು.

ನನಗೆ ಬೇಸರವಾದದ್ದು ಇನ್ನೊಂದು ಕಾರಣಕ್ಕೆ. ಈ ಪ್ರಶ್ನೆಯ ಉತ್ತರ ನಿಮ್ಮ ಮನೆಯಲ್ಲೇ ಇತ್ತು. ನಿಮ್ಮ ತಂದೆಯವರ ಖಾತೆ ಪುಸ್ತಕವನ್ನು ನೆನಪಿಸಿಕೊಳ್ಳಿ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ, ಆ ಪುಟದೊಳಗೆ ತಾರೀಖಿನ ಪ್ರಕಾರ ಸಾಲುಗಳು. ಒಬ್ಬ ಗಿರಾಕಿ ಮಾರ್ಚ್ 15ರಂದು ಏನು ಒಯ್ದನೆಂದು ಕೇಳಿದರೆ ಅವರು ಒಂದೇ ಏಟಿಗೆ ಪುಟ ತೆರೆಯುತ್ತಾರೆ. ಮಾರ್ಚ್ 15ರಂದು ಅಂಗಡಿಯಲ್ಲಿ ಒಟ್ಟು ಏನೇನು ಹೋಯಿತೆಂದು ಕೇಳಿದರೆ ಎಲ್ಲ ಪುಟಗಳನ್ನೂ ಮಗುಚಬೇಕು, ಇಲ್ಲವೇ ತಾರೀಖಿನ ಕ್ರಮದಲ್ಲಿ ಬರೆದ ಕಿರ್ದಿಯನ್ನು ತೆಗೆಯಬೇಕು. `(customer_id, order_date)` ಇಂಡೆಕ್ಸ್ ಆ ಖಾತೆ ಪುಸ್ತಕವೇ. ಅದರಲ್ಲಿ ಮೊದಲ ಜೋಡಣೆ ಗಿರಾಕಿಯದು, ತಾರೀಖಿನ ಜೋಡಣೆ ಆಮೇಲೆ. ನಿಮಗೆ ಕೊಟ್ಟ ಕ್ವೆರಿಯಾದರೋ ಗಿರಾಕಿಯ ಹೆಸರೆತ್ತದೆ ಬರೀ ತಾರೀಖು ಕೇಳುತ್ತದೆ:

```sql
SELECT * FROM orders WHERE order_date = '2024-03-15';
```

ಹಾಗಾಗಿ ಇಂಡೆಕ್ಸ್ ಚೆನ್ನಾಗಿಯೇ ಇದ್ದರೂ ಈ ಕ್ವೆರಿಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. `order_date` ಮೇಲೆ ಬೇರೆ ಇಂಡೆಕ್ಸ್ ಹಾಕುವುದು ಮೊದಲು ಪ್ರಯತ್ನಿಸಬೇಕಾದ ಪರಿಹಾರ.

ಇದು ಆ ಕ್ಷಣದಲ್ಲಿ ಪೂರ್ತಿ ಹೊಳೆಯಬೇಕಿರಲಿಲ್ಲ. ನಿಮಗೆ ತಿಳಿದಿರುವುದು, ಅದರಿಂದ ನೀವು ಊಹಿಸುವುದು, ತಿಳಿಯದೇ ಇರುವುದು, ಈ ಮೂರನ್ನು ಬೇರೆ ಬೇರೆ ವಾಕ್ಯಗಳಲ್ಲಿ ಹೇಳಿದ್ದರೆ ಸಾಕಿತ್ತು. ಒಂದೇ ವಾಕ್ಯದಲ್ಲಿ ಕಲಸಿದಾಗಲೇ ಊಹೆ ಬುರುಡೆಯಾಗುವುದು. ಹೀಗೆ ಹೇಳಬಹುದಿತ್ತು: "ಸರ್, ಒಂದು ಕಾಲಂ ಇರುವ ಇಂಡೆಕ್ಸ್ ಬಳಸಿದ್ದೇನೆ, ಎರಡು ಕಾಲಂ ಇರುವುದರ ಜೊತೆ ಕೆಲಸ ಮಾಡಿಲ್ಲ. ಇಂಡೆಕ್ಸ್ ಎಂದರೆ ಕ್ರಮವಾಗಿ ಜೋಡಿಸಿಟ್ಟ ಪಟ್ಟಿ ಎಂಬುದು ಗೊತ್ತು. ಇಲ್ಲಿ ಮೊದಲು `customer_id` ಪ್ರಕಾರ ಜೋಡಿಸಿದ್ದರೆ ಒಂದು ದಿನದ ಸಾಲುಗಳು ಎಲ್ಲ ಕಡೆ ಚದುರಿರಬೇಕು, ನಿಧಾನಕ್ಕೆ ಅದೇ ಕಾರಣ ಎಂದು ನನ್ನ ಊಹೆ. ಸರಿಯೋ ತಪ್ಪೋ ನೋಡಲು `EXPLAIN` ಹಾಕುತ್ತೇನೆ." ಇದರ ಕೆಳಗೆ "ಹೇಗೆ ಪತ್ತೆ ಹಚ್ಚುತ್ತೀರಿ?" ಎಂಬ ಪ್ರಶ್ನೆ ಬಂದರೆ ಹೆದರಬೇಕಿಲ್ಲ, ಉತ್ತರ ಆಗಲೇ ಕೊಟ್ಟಾಗಿದೆ. MySQLನಲ್ಲಿ ಕ್ವೆರಿಯ ಮುಂದೆ `EXPLAIN` ಸೇರಿಸಿ ಓಡಿಸಿದರೆ ಬರುವ ಸಾಲಿನಲ್ಲಿ `type` ಕೆಳಗೆ `ALL`, `key` ಕೆಳಗೆ `NULL` ಎಂದಿದ್ದರೆ ಅದು ಇಂಡೆಕ್ಸ್ ಮುಟ್ಟದೆ ಇಡೀ ಟೇಬಲ್ ಓದುತ್ತಿದೆ ಎಂದರ್ಥ.

"ನನ್ನ ಊಹೆ" ಎಂಬ ಮಾತನ್ನು ಬರೀ ವಿನಯಕ್ಕಾಗಿ ಸೇರಿಸಿದ್ದಲ್ಲ. ಎರಡನೆಯ ಕಾಲಂ ಒಂದನ್ನೇ ಕೇಳಿದರೆ ಇಂಡೆಕ್ಸ್ ಬಳಕೆಯಾಗುವುದೇ ಇಲ್ಲ ಎಂದು ನೀವು ಗಟ್ಟಿಯಾಗಿ ಹೇಳಿದ್ದರೆ ಅದೂ ತಪ್ಪಾಗುತ್ತಿತ್ತು. ಮೊದಲ ಕಾಲಂನಲ್ಲಿ ಬೆರಳೆಣಿಕೆಯ ಮೌಲ್ಯಗಳಷ್ಟೇ ಇದ್ದಾಗ ಅವುಗಳನ್ನು ಒಂದೊಂದಾಗಿ ಹಾರುತ್ತ ಹುಡುಕುವ ಸ್ಕಿಪ್ ಸ್ಕ್ಯಾನ್ ಎಂಬ ವಿಧಾನ ಒರಾಕಲ್‌ನಲ್ಲಿದೆ. MySQLಗೂ ಅದು 8.0.13 ಆವೃತ್ತಿಯಲ್ಲಿ ಬಂತು, ಆದರೆ ಕ್ವೆರಿ ಕೇಳುವ ಎಲ್ಲ ಕಾಲಂಗಳೂ ಆ ಇಂಡೆಕ್ಸ್‌ನಲ್ಲೇ ಇರಬೇಕೆಂಬ ಷರತ್ತು ಇರುವುದರಿಂದ ಮೇಲಿನ `SELECT *`ಗೆ ದಕ್ಕುವುದಿಲ್ಲ. ಇಷ್ಟು ವಿವರ ಹೊಸಬರಿಂದ ಯಾರೂ ನಿರೀಕ್ಷಿಸುವುದಿಲ್ಲ. ಓಡಿಸಿ ನೋಡುತ್ತೇನೆ ಎಂದವರು ಮಾತ್ರ ಇಂಥ ಅಪವಾದಗಳಿಗೆ ಸಿಕ್ಕಿಬೀಳುವುದಿಲ್ಲ.

ಎಲ್ಲ ಪ್ರಶ್ನೆಗಳೂ ಹೀಗೆ ಯೋಚಿಸಿ ಬಿಡಿಸುವಂಥವಲ್ಲ. ಹೆಸರನ್ನೇ ಕೇಳಿರದ ತಂತ್ರಾಂಶದ ಬಗ್ಗೆ ಕೇಳಿದರೆ ಅಲ್ಲಿ ತರ್ಕ ಹೂಡಲು ಜಾಗವೇ ಇಲ್ಲ. "ಇದನ್ನು ನಾನು ಓದಿಲ್ಲ" ಎಂದು ಹೇಳಿ ನಿಲ್ಲಿಸಿ. ಮೂರು ಸಲ ಸಾರಿ ಕೇಳಬೇಡಿ, ಕಾಲೇಜಿನಲ್ಲಿ ಪಾಠ ಮಾಡಲಿಲ್ಲವೆಂದು ದೂರಬೇಡಿ. "ಇದು ಯಾವ ಕೆಲಸಕ್ಕೆ ಬಳಕೆಯಾಗುತ್ತದೆ, ಸರ್?" ಎಂದು ಒಂದು ಸಲ ಕೇಳಬಹುದು, ಅವರು ಹೇಳಿದ್ದು ನೀವು ಬಲ್ಲ ಯಾವುದಕ್ಕಾದರೂ ಹತ್ತಿರವಿದ್ದರೆ ಅಲ್ಲಿಂದ ಮಾತು ಮುಂದುವರಿಸಬಹುದು. ಹೊತ್ತು ದೂಡಲು ಕೇಳಿದರೆ ಅದು ಗೊತ್ತಾಗಿಬಿಡುತ್ತದೆ. ಹುದ್ದೆಗೆ ಬೇಕೇಬೇಕಾದ ಮೂಲ ವಿಷಯಗಳಲ್ಲೇ ಇದನ್ನು ನಾಲ್ಕು ಬಾರಿ ಹೇಳಬೇಕಾಗಿ ಬಂದರೆ ಮಾತ್ರ ಯಾವ ಪ್ರಾಮಾಣಿಕತೆಯೂ ಕೆಲಸ ಕೊಡಿಸುವುದಿಲ್ಲ, ಅದಕ್ಕೆ ಓದುವುದೊಂದೇ ದಾರಿ.

ಇನ್ನು, ಬಾಯಿ ತಪ್ಪಿ ಬುರುಡೆ ಬಿಟ್ಟಾದ ಮೇಲೆ. ಅದನ್ನು ಹಿಂದಕ್ಕೆ ಪಡೆಯಲು ಒಳ್ಳೆಯ ಸಮಯ "ಅದು ಹೇಗೆ?" ಎಂದು ಕೇಳಿದ ಗಳಿಗೆಯೇ. "ಸರ್, ಇಂಡೆಕ್ಸ್ ಕೆಟ್ಟಿದೆ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ, ಆ ಮಾತು ಬಿಡುತ್ತೇನೆ. ಒಂದು ನಿಮಿಷ ಯೋಚಿಸಲೇ?" ಎಂದರೆ ಸಾಕು. ಆ ಒಂದು ನಿಮಿಷ ನಿಜವಾಗಿಯೂ ಸುಮ್ಮನಿದ್ದು ಹಾಳೆಯ ಮೇಲೆ ನಾಲ್ಕಾರು ಸಾಲಿನ ಟೇಬಲ್ ಬರೆದು ನೋಡಿ. ವಿಡಿಯೊ ಕರೆಯಲ್ಲಿ ಮೌನ ಉದ್ದವೆನಿಸುತ್ತದೆ, ಆದ್ದರಿಂದ "ಬರೆದು ನೋಡುತ್ತಿದ್ದೇನೆ" ಎಂದು ತಿಳಿಸಿಬಿಡಿ. ತಪ್ಪು ತಿದ್ದಿಕೊಳ್ಳುವವರ ಜೊತೆ ಕೆಲಸ ಮಾಡಬಹುದು ಎಂದು ಎದುರಿನವರಿಗೂ ಗೊತ್ತಿರುತ್ತದೆ. ಆ ಗಳಿಗೆ ದಾಟಿ ಮುಂದಿನ ಪ್ರಶ್ನೆ ಬಂದುಬಿಟ್ಟರೆ ಹಿಂದಿನದನ್ನು ಹಾಳೆಯ ಮೂಲೆಯಲ್ಲಿ ಎರಡು ಪದಗಳಲ್ಲಿ ಬರೆದಿಡಿ. ಬರೆದಿಟ್ಟರೆ ತಲೆ ಅದನ್ನೇ ಕೊರೆಯುವುದು ಕಡಿಮೆಯಾಗುತ್ತದೆ. ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಇದೆಯೇ?" ಎಂದಾಗ ಅದೇ ಪ್ರಶ್ನೆಯನ್ನು ಅವರ ಮುಂದಿಟ್ಟು ಉತ್ತರ ಕೇಳಬಹುದು.

ಬುಧವಾರಕ್ಕೆ ಮುಂಚೆ ಒಂದು ಸಂಜೆ ನಿಮ್ಮ ಲ್ಯಾಪ್‌ಟಾಪಿನಲ್ಲೇ `orders` ಟೇಬಲ್ ಮಾಡಿ, ಅದರಲ್ಲಿ ಇಂಡೆಕ್ಸ್‌ಗೆ ಸೇರದ ಮೊತ್ತದಂಥ ಕಾಲಂ ಒಂದಾದರೂ ಇರಲಿ, ಒಂದು ಲಕ್ಷ ಸಾಲು ತುಂಬಿಸಿ, ಆ ಇಂಡೆಕ್ಸ್ ಹಾಕಿ, `EXPLAIN` ನೋಡಿ. ಆಮೇಲೆ `order_date` ಮೇಲೆ ಇಂಡೆಕ್ಸ್ ಸೇರಿಸಿ ಮತ್ತೆ ನೋಡಿ. ಅಲ್ಲೂ ಇದೇ ಪ್ರಶ್ನೆ ಬಂದರೆ, ಹಿಂದಿನ ಸಂದರ್ಶನದಲ್ಲಿ ತಪ್ಪಾಗಿ ಉತ್ತರಿಸಿದ್ದೆ, ಆಮೇಲೆ ಮಾಡಿ ನೋಡಿದೆ ಎಂದೇ ಹೇಳಿ. ನಿಮ್ಮ ಬಯೋಡೇಟಾದಲ್ಲಿ "MySQL ಪರಿಣತಿ" ಎಂದು ಬರೆದಿದ್ದರೆ ಅದನ್ನು "MySQL ಬಳಸಿ ಒಂದು ಪ್ರಾಜೆಕ್ಟ್" ಎಂದು ತಿದ್ದಿ ಕಳಿಸಿ. ಪರಿಣತಿ ಎಂದು ಕಂಡರೆ ಅವರು ಕೇಳುವ ಪ್ರಶ್ನೆಗಳೇ ಬೇರೆ.